ಫಲಿತಾಂಶ ಖಾತ್ರಿಯಿಲ್ಲದ ಡೇಟಾ ಸೈನ್ಸ್ ಪ್ರಾಜೆಕ್ಟಿಗೆ ಕ್ರಿಸ್ಪ್-ಡಿಎಂ ಪ್ರಕಾರ ಯೋಜನೆ ಹಾಕುವುದು ಹೇಗೆ?

ಪ್ರಶ್ನೆ: ಪುಣೆ ಬಳಿಯ ಚಾಕಣ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಡೇಟಾ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಸಿಎನ್‌ಸಿ ಯಂತ್ರಗಳು ಕೆಡುವುದನ್ನು ಮುಂಚಿತವಾಗಿ ಹೇಳುವ ಮಾಡೆಲ್ ಬೇಕು, ನಾಲ್ಕು ತಿಂಗಳ ಪ್ಲಾನ್ ಕೊಡಿ ಎಂದು ಮ್ಯಾನೇಜರ್ ಕೇಳಿದ್ದಾರೆ. ಮಾಡೆಲ್ ಬರುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಕ್ರಿಸ್ಪ್-ಡಿಎಂ ಹಂತಗಳಿಗೆ ದಿನಾಂಕ ಹಾಕುವುದು ಹೇಗೆ?

ಉತ್ತರ:

ದಿನಾಂಕವನ್ನು ತೀರ್ಮಾನಗಳಿಗೆ ಹಾಕಿ, ಫಲಿತಾಂಶಕ್ಕೆ ಹಾಕಬೇಡಿ. ಮೂರನೇ ತಿಂಗಳ ಕೊನೆಗೆ ಮಾಡೆಲ್ ಸಿದ್ಧವಾಗಿರುತ್ತದೆ ಎಂದು ಈಗಲೇ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ಐದನೇ ವಾರದ ಕೊನೆಗೆ, ಈ ಪ್ರಶ್ನೆಗೆ ಉತ್ತರ ಕೊಡುವಷ್ಟು ದತ್ತಾಂಶ ನಮ್ಮ ಬಳಿ ಇದೆಯೇ ಎಂಬುದನ್ನು ಪ್ಲಾಂಟ್ ಹೆಡ್ ಅವರ ಎದುರು ಕುಳಿತು ತೀರ್ಮಾನಿಸುತ್ತೇವೆ ಎಂದು ನೀವು ಧೈರ್ಯವಾಗಿ ಬರೆದುಕೊಡಬಹುದು. 1996ರಲ್ಲಿ ಆರಂಭವಾಗಿ 2000ದಲ್ಲಿ ಕೈಪಿಡಿಯಾಗಿ ಹೊರಬಂದ ಕ್ರಿಸ್ಪ್-ಡಿಎಂ, ಅಂದರೆ ದತ್ತಾಂಶದ ಪ್ರಾಜೆಕ್ಟುಗಳನ್ನು ನಡೆಸುವ ಒಂದು ಕ್ರಮ, ಆರು ಹಂತಗಳನ್ನು ಹೇಳುತ್ತದೆ: ವ್ಯವಹಾರದ ಅರಿವು, ದತ್ತಾಂಶದ ಅರಿವು, ದತ್ತಾಂಶದ ಸಿದ್ಧತೆ, ಮಾಡೆಲಿಂಗ್, ಮೌಲ್ಯಮಾಪನ ಮತ್ತು ಬಳಕೆಗೆ ಇಳಿಸುವುದು. ಒಂದು ಹಂತದಿಂದ ಹಿಂದಿನ ಹಂತಕ್ಕೆ ಮರಳುವ ಬಾಣಗಳೂ ಅದರ ಚಿತ್ರದಲ್ಲಿವೆ. ಆದರೆ ಯಾವಾಗ ಮರಳಬೇಕು, ಯಾವಾಗ ಕೆಲಸವನ್ನೇ ನಿಲ್ಲಿಸಬೇಕು ಎಂಬುದನ್ನು ನೀವೇ ಸೇರಿಸಬೇಕು. ನಿಮ್ಮ ಯೋಜನೆಯ ತಿರುಳು ಅದೇ.

ನಾನು ಪುಣೆಯ ಭೋಸರಿ ಭಾಗದ ಒಂದು ಘಟಕದಲ್ಲಿ ಇಂಥದ್ದೇ ಕೆಲಸ ಮಾಡಿದ್ದೇನೆ. ಅಲ್ಲಿನ ವಿವರಗಳು ನಿಮ್ಮ ಕಾರ್ಖಾನೆಗೂ ಹತ್ತಿರವಾಗಿರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅಲ್ಲಿ 14 ಯಂತ್ರಗಳಿದ್ದವು, ಯಂತ್ರದಲ್ಲಿ ತಿರುಗುವ ಮುಖ್ಯ ದಂಡವಾದ ಸ್ಪಿಂಡಲ್‌ನ ಬೇರಿಂಗ್ ಹಾಳಾಗುವುದೇ ದೊಡ್ಡ ತಲೆನೋವಾಗಿತ್ತು, ಕಂಪನ ಅಳೆಯುವ ಸೆನ್ಸರ್‌ಗಳನ್ನು ಆಗಲೇ ಕೂರಿಸಿದ್ದರು. "ಮುಂದಿನ 48 ಗಂಟೆಗಳಲ್ಲಿ ಯಾವ ಸ್ಪಿಂಡಲ್ ಕೆಡುತ್ತದೆ ಎಂದು ಹೇಳಿ" ಎಂಬುದು ನಮಗೆ ಬಂದ ಬೇಡಿಕೆಯಾಗಿತ್ತು.

ಮೊದಲ ಹಂತಕ್ಕೆ ಎರಡು ವಾರ ಸಾಕು, ಆದರೆ ಅದರ ಕೊನೆಗೆ ಒಂದು ಅಂಕಿ ಕೈಯಲ್ಲಿರಬೇಕು. ನಮ್ಮ ಲೆಕ್ಕ ಹೀಗಿತ್ತು: ಪಾಳಿಯ ನಡುವೆ ಯಂತ್ರ ನಿಲ್ಲಿಸಿ ಸ್ಪಿಂಡಲ್ ಪರೀಕ್ಷಿಸಲು ಅರ್ಧ ಗಂಟೆ ಬೇಕು, ಕೆಡುವ ಮೊದಲೇ ಹಿಡಿದರೆ ಸುಮಾರು ನಾಲ್ಕು ಗಂಟೆಗಳ ಉತ್ಪಾದನೆ ಉಳಿಯುತ್ತದೆ. ಅಂದರೆ ಎಂಟು ಎಚ್ಚರಿಕೆಗಳಲ್ಲಿ ಒಂದು ನಿಜವಾದರೆ ಖರ್ಚಿಗೆ ಖರ್ಚು ಸರಿಹೋಗುತ್ತದೆ, ಅದಕ್ಕಿಂತ ಕಡಿಮೆಯಾದರೆ ಮಾಡೆಲ್ ಇದ್ದೂ ನಷ್ಟ. ಕೈಪಿಡಿಯು ವ್ಯವಹಾರದ ಯಶಸ್ಸಿನ ಮಾನದಂಡವನ್ನೂ ತಾಂತ್ರಿಕ ಯಶಸ್ಸಿನ ಮಾನದಂಡವನ್ನೂ ಬೇರೆಬೇರೆಯಾಗಿ ಬರೆಯಿರಿ ಎನ್ನುವುದು ಇದಕ್ಕೇ. ಮಾಡೆಲ್‌ನ ನಿಖರತೆ ಶೇಕಡಾ ಎಷ್ಟಿರಬೇಕು ಎಂದು ಮ್ಯಾನೇಜರ್ ಅವರನ್ನು ಕೇಳಿದರೆ ಅವರು ತೊಂಬತ್ತು ಎನ್ನುತ್ತಾರೆ. ಎಷ್ಟು ಸುಳ್ಳು ಎಚ್ಚರಿಕೆಗಳನ್ನು ತಾಳಿಕೊಳ್ಳುತ್ತೀರಿ ಎಂದು ಕೇಳಿದರೆ ಮಾತ್ರ ನಿಜವಾದ ಉತ್ತರ ಸಿಗುತ್ತದೆ.

ಇದೇ ಹಂತದಲ್ಲಿ, ದತ್ತಾಂಶವನ್ನು ತೆರೆಯುವ ಮೊದಲೇ, ಮುಂದಿನ ತಪಾಸಣೆಯ ಕರಾರನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಪ್ರಶ್ನೆ ಏನು, ಯಾವ ಸಾಕ್ಷ್ಯ ತರುತ್ತೇವೆ, ಎಷ್ಟಿದ್ದರೆ ಮುಂದುವರಿಯುತ್ತೇವೆ, ಇಲ್ಲದಿದ್ದರೆ ಪ್ರಶ್ನೆ ಬದಲಿಸುತ್ತೇವೆಯೋ ನಿಲ್ಲಿಸುತ್ತೇವೆಯೋ, ತೀರ್ಮಾನ ಯಾರದು ಎಂಬಿಷ್ಟು ಅದರಲ್ಲಿರಲಿ. ನಮ್ಮ ಪುಟದಲ್ಲಿ, ಸೆನ್ಸರ್ ದಾಖಲೆಯಿರುವ ಬೇರಿಂಗ್ ವೈಫಲ್ಯಗಳು 15ಕ್ಕಿಂತ ಕಡಿಮೆಯಿದ್ದರೆ 48 ಗಂಟೆಗಳ ಮುನ್ಸೂಚನೆಯ ಮಾಡೆಲ್ ಕಟ್ಟುವುದಿಲ್ಲ ಎಂದಿತ್ತು. 15 ಎಂಬುದು ಶಾಸ್ತ್ರದ ಸಂಖ್ಯೆಯಲ್ಲ, ನಾವು ಒಪ್ಪಿಕೊಂಡ ಗಡಿ. ಅಂಕಿಗಳನ್ನು ಕಂಡ ಮೇಲೆ ಗಡಿ ಗೊತ್ತುಮಾಡಲು ಹೊರಟರೆ ಅದು ಸದಾ ನಮ್ಮ ಆಸೆಯ ಕಡೆಗೇ ಜಾರುತ್ತದೆ.

ಎರಡನೇ ಹಂತವಾದ ದತ್ತಾಂಶದ ಅರಿವಿಗೆ ಮೂರು ವಾರ ಇಡಿ ಮತ್ತು ನಿಮ್ಮ ಗಮನವನ್ನೆಲ್ಲ ಇಲ್ಲಿ ಸುರಿಯಿರಿ, ಏಕೆಂದರೆ ಫಲಿತಾಂಶ ಅಸ್ಪಷ್ಟವಾಗಿರುವ ಪ್ರಾಜೆಕ್ಟುಗಳ ಹಣೆಬರಹ ಹೆಚ್ಚಾಗಿ ಇಲ್ಲೇ ಗೊತ್ತಾಗುತ್ತದೆ. ನಾವು ಮೊದಲು ಕೈಗೆತ್ತಿಕೊಂಡದ್ದು ಮೇಂಟೆನೆನ್ಸ್ ರಿಜಿಸ್ಟರ್ ಅನ್ನು. ಮರಾಠಿಯಲ್ಲಿ ಕೈಯಲ್ಲಿ ಬರೆದ ಆ ಪುಟಗಳನ್ನು ಬೆಳಗಾವಿ ಕಡೆಯ ಸೂಪರ್‌ವೈಸರ್ ಒಬ್ಬರು ನಮ್ಮೊಡನೆ ಸಾಲುಸಾಲಾಗಿ ಓದಿದರು. "ಸ್ಪಿಂಡಲ್" ಎಂಬ ಹೆಸರಿನಲ್ಲಿ 31 ನಿಲುಗಡೆಗಳಿದ್ದವು. ಅವರು ಒಂದೊಂದನ್ನೇ ನೆನಪಿಸಿಕೊಂಡು, ಇದು ಬೆಲ್ಟ್, ಇದು ಕೂಲೆಂಟ್, ಇದು ಕರೆಂಟ್ ಹೋದದ್ದು ಎಂದು ತೆಗೆದುಹಾಕುತ್ತ ಹೋದಾಗ ನಿಜವಾದ ಬೇರಿಂಗ್ ವೈಫಲ್ಯಗಳು 19 ಉಳಿದವು. ಅವುಗಳಲ್ಲಿ ಸೆನ್ಸರ್ ಕೂರಿಸಿದ ನಂತರದ 15 ತಿಂಗಳಲ್ಲಿ ಆದವು 11 ಮಾತ್ರ.

ಇನ್ನೊಂದು ಸಂಗತಿ ರಿಜಿಸ್ಟರಿನ ಸಮಯದ ಕಾಲಂನಲ್ಲಿತ್ತು. ಬಹುತೇಕ ನಮೂದುಗಳು ಬೆಳಿಗ್ಗೆ 7, ಮಧ್ಯಾಹ್ನ 3 ಅಥವಾ ರಾತ್ರಿ 11ಕ್ಕೆ ಇದ್ದವು. ಯಂತ್ರಗಳು ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ಕೆಡುವುದಿಲ್ಲ; ಬರೆಯಲು ಪುರುಸೊತ್ತು ಸಿಗುವುದು ಆಗ, ಅಷ್ಟೇ. ಹಾಗಾಗಿ ಯಂತ್ರ ನಿಂತ ನಿಜವಾದ ಸಮಯ ನಮೂದಿಗಿಂತ ಎಂಟು ಗಂಟೆಗಳವರೆಗೆ ಹಿಂದಿರಬಹುದು. ಇದನ್ನು ಗಮನಿಸದೆ ಮಾಡೆಲ್ ಕಟ್ಟಿದರೆ, ಯಂತ್ರ ನಿಂತ ಮೇಲಿನ ರೀಡಿಂಗ್‌ಗಳನ್ನೇ "ಕೆಡುವ ಮುಂಚಿನ ಲಕ್ಷಣ" ಎಂದು ಅದು ಕಲಿತುಬಿಡುತ್ತದೆ, ಮೌಲ್ಯಮಾಪನದಲ್ಲಿ ಅದ್ಭುತ ಅಂಕ ಬರುತ್ತದೆ, ಶಾಪ್ ಫ್ಲೋರಿನಲ್ಲಿ ಏನೂ ಹಿಡಿಯುವುದಿಲ್ಲ. ಸ್ಪಿಂಡಲ್ ಮೋಟಾರಿನ ಕರೆಂಟ್ ಸೊನ್ನೆಗೆ ಬಿದ್ದ ಕ್ಷಣವನ್ನು ಯಂತ್ರದ ಲಾಗ್‌ನಿಂದ ತೆಗೆದು ನಾವು ಸಮಯವನ್ನು ಸರಿಪಡಿಸಿದೆವು.

ಮೂರನೆಯದು ಭೌತಿಕ ಮಿತಿ. ಸೆನ್ಸರ್‌ಗಳ ರೀಡಿಂಗ್‌ಗಳನ್ನು ಸಂಗ್ರಹಿಸುವ ಗೇಟ್‌ವೇ ಉಳಿಸಿಕೊಂಡಿದ್ದು ಕಂಪನದ ವೇಗದ ನಿಮಿಷವಾರು ಆರ್‌ಎಂಎಸ್ ಮೌಲ್ಯವನ್ನು, ಅಂದರೆ ಒಂದು ಬಗೆಯ ಸರಾಸರಿಯನ್ನು ಮಾತ್ರ. ಬೇರಿಂಗ್‌ನ ಆರಂಭದ ಹಾನಿ ಹೆಚ್ಚಿನ ಆವರ್ತನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಟ್ಟಾರೆ ವೇಗದ ಮೌಲ್ಯ ಏರುವುದು ಹಾನಿ ಬಲಿತ ಮೇಲೆ. ಇಂಥ ದತ್ತಾಂಶದಿಂದ ವಾರಗಟ್ಟಲೆ ಮೊದಲೇ ಸೂಚನೆ ಸಿಗುತ್ತದೆಂದು ಯಾವ ಅಲ್ಗಾರಿದಮ್ಮಿನ ಹೆಸರಿನಲ್ಲೂ ಮಾತು ಕೊಡಬೇಡಿ. ಲಕ್ಷಣ ಇದೆಯೋ ಇಲ್ಲವೋ ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಕೆಲವು ವೈಫಲ್ಯಗಳ ಹಿಂದಿನ ಎರಡು ವಾರಗಳ ಗ್ರಾಫ್‌ಗಳನ್ನೂ, ಅಷ್ಟೇ ಸಂಖ್ಯೆಯ ಆರೋಗ್ಯವಂತ ಅವಧಿಗಳ ಗ್ರಾಫ್‌ಗಳನ್ನೂ ಹೆಸರಿಲ್ಲದೆ ಕಲಸಿ ಅನುಭವಿ ಮೇಂಟೆನೆನ್ಸ್ ಸಿಬ್ಬಂದಿಯ ಮುಂದಿಡಿ. ಅವರಿಗೆ ಯಾವುದರಲ್ಲೂ ವ್ಯತ್ಯಾಸ ಕಾಣದಿದ್ದರೆ, ಇಷ್ಟು ಕಡಿಮೆ ಉದಾಹರಣೆಗಳಿಂದ ಮಾಡೆಲ್‌ಗೂ ಕಾಣುವ ಸಾಧ್ಯತೆ ತೀರಾ ಕಡಿಮೆ.

ಐದನೇ ವಾರದ ತಪಾಸಣೆಯಲ್ಲಿ 11 ಎಂಬ ಸಂಖ್ಯೆ ಗಡಿಯ ಕೆಳಗಿತ್ತು. 11ರಲ್ಲಿ ನಾಲ್ಕನ್ನು ಪರೀಕ್ಷೆಗೆ ಮೀಸಲಿಟ್ಟು ಮಾಡೆಲ್ ಮೂರನ್ನು ಹಿಡಿದರೂ, ಅದರ ನಿಜವಾದ ಸಾಮರ್ಥ್ಯ ಶೇಕಡಾ 19ರಿಂದ 99ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎನ್ನುತ್ತದೆ 95 ಶೇಕಡಾ ವಿಶ್ವಾಸದ ಲೆಕ್ಕ. ಅಂಥ ಉತ್ತರ ತಿಳಿಯಲು ಎರಡು ತಿಂಗಳು ದುಡಿಯಬೇಕೇ ಎಂದು ಪ್ಲಾಂಟ್ ಹೆಡ್ ಅವರನ್ನೇ ಕೇಳಿದೆವು. ಬೇಡ ಎಂದಾಯಿತು, ಮತ್ತೆ ಮೊದಲ ಹಂತಕ್ಕೆ ಮರಳಿದೆವು. ಇಂಥ ಮರಳುವಿಕೆಗೆ ಯೋಜನೆಯಲ್ಲೇ ಒಂದು ವಾರ ಕಾದಿರಿಸಿದ್ದರಿಂದ ಯಾರಿಗೂ ಅದು ವಿಳಂಬವೆಂದು ಅನ್ನಿಸಲಿಲ್ಲ.

ಈ ಭಾಗದ ಹಲವು ಕಾರ್ಖಾನೆಗಳಿಗೆ ಗುರುವಾರ ವಾರದ ರಜೆಯೆಂಬುದು ನಿಮಗೆ ಗೊತ್ತೇ ಇದೆ. ಆ ದಿನ ಯಂತ್ರಗಳು ನಿಂತಿರುತ್ತವೆ, ಮೇಂಟೆನೆನ್ಸ್ ತಂಡಕ್ಕೆ ನಾಲ್ಕು ಸ್ಪಿಂಡಲ್‌ಗಳನ್ನು ಪರೀಕ್ಷಿಸುವಷ್ಟು ಸಮಯವಿರುತ್ತದೆ. ಹಾಗಾಗಿ ಹೊಸ ಪ್ರಶ್ನೆ ಹೀಗಾಯಿತು: ಈ ಗುರುವಾರ 14ರಲ್ಲಿ ಯಾವ ಮೂರನ್ನು ಮೊದಲು ನೋಡಬೇಕು? ನಾಲ್ಕನೆಯ ಜಾಗದ ಬಗ್ಗೆ ಮುಂದೆ ಹೇಳುತ್ತೇನೆ. ಪ್ರಶ್ನೆ ಬದಲಾದೊಡನೆ ಖರ್ಚಿನ ಲೆಕ್ಕವೂ ಬದಲಾಯಿತು. ನಿಂತ ಯಂತ್ರವನ್ನು ಪರೀಕ್ಷಿಸಿದರೆ ಉತ್ಪಾದನೆಗೆ ನಷ್ಟವಿಲ್ಲ, ಎಂಟರಲ್ಲಿ ಒಂದು ಎಂಬ ಗಡಿಯ ಅಗತ್ಯವೇ ಉಳಿಯಲಿಲ್ಲ. ಮಾಡೆಲ್ ಈಗ ಗಂಟೆ ಹೇಳಬೇಕಿಲ್ಲ, ಕ್ರಮಾಂಕ ಕೊಟ್ಟರೆ ಸಾಕು.

ಸಿದ್ಧತೆ ಮತ್ತು ಮಾಡೆಲಿಂಗ್ ಹಂತಗಳನ್ನು ಬೇರ್ಪಡಿಸಿ ದಿನಾಂಕ ಹಾಕಬೇಡಿ, ಅವು ಒಂದರೊಳಗೊಂದು ಸುತ್ತುತ್ತವೆ. ಎರಡಕ್ಕೂ ಸೇರಿ ನಾಲ್ಕು ವಾರಗಳ ಒಂದೇ ಗಡುವು ಇರಲಿ. ಇಲ್ಲಿ ನಮಗೆ ನೆರವಾದದ್ದು ಬೆಳಗಿನ ವಾರ್ಮ್-ಅಪ್ ಪ್ರೋಗ್ರಾಂ. ದಿನದ ಉಳಿದ ಹೊತ್ತಿನಲ್ಲಿ ವೇಗ, ಉಪಕರಣ, ಲೋಹ ಎಲ್ಲ ಬದಲಾಗುತ್ತಿರುವುದರಿಂದ ಕಂಪನವೂ ಬದಲಾಗುತ್ತದೆ; ವಾರ್ಮ್-ಅಪ್‌ನಲ್ಲಿ ಮಾತ್ರ ಸ್ಪಿಂಡಲ್ ಪ್ರತಿದಿನವೂ ಅದೇ ವೇಗಗಳಲ್ಲಿ ಖಾಲಿಯಾಗಿ ತಿರುಗುತ್ತದೆ. ಆ ಕೆಲವು ನಿಮಿಷಗಳನ್ನಷ್ಟೇ ತೆಗೆದುಕೊಂಡು, ಪ್ರತಿ ಯಂತ್ರವನ್ನೂ ಬೇರಿಂಗ್ ಬದಲಿಸಿದ ನಂತರದ ಅದರದೇ ಆರಂಭದ ವಾರಗಳ ಜೊತೆ ಹೋಲಿಸಿದೆವು. ಮಾಡೆಲ್ ಎಂದರೆ ಅಷ್ಟೇ ಆಗಿತ್ತು, ಏರಿಕೆಯ ಒಂದು ರೇಖೆ. 11 ಉದಾಹರಣೆಗಳಿಗೆ ಅದಕ್ಕಿಂತ ಸಂಕೀರ್ಣವಾದದ್ದನ್ನು ಕಟ್ಟುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಮೌಲ್ಯಮಾಪನದ ಕರಾರನ್ನೂ ಮೊದಲೇ ಬರೆದಿದ್ದೆವು: ಕೊನೆಯ ಬೇರಿಂಗ್ ಬದಲಾವಣೆಯಿಂದ ಹೆಚ್ಚು ಗಂಟೆ ಓಡಿದ ಮೂರು ಯಂತ್ರಗಳನ್ನು ಆರಿಸುವ ಸಾದಾ ಪದ್ಧತಿಯನ್ನು ನಮ್ಮ ಪಟ್ಟಿ ಮೀರಿಸಬೇಕು. ಪ್ರತಿ ವೈಫಲ್ಯದ ಹಿಂದಿನ ಗುರುವಾರಕ್ಕೆ ಹೋಗಿ, ಬುಧವಾರ ರಾತ್ರಿಯವರೆಗಿನ ದತ್ತಾಂಶವನ್ನು ಮಾತ್ರ ಬಳಸಿ ಪಟ್ಟಿ ಮಾಡಿದೆವು. ಕಣ್ಣುಮುಚ್ಚಿ ಮೂರನ್ನು ಆರಿಸಿದರೆ 11ರಲ್ಲಿ ಎರಡು ಮೂರು ಸಿಗಬಹುದು. ಗಂಟೆಗಳ ಪದ್ಧತಿಗೆ ನಾಲ್ಕು ಸಿಕ್ಕವು. ನಮ್ಮ ರೇಖೆಗೆ ಏಳು. ನಾಲ್ಕಕ್ಕೂ ಏಳಕ್ಕೂ ನಡುವಿನ ಅಂತರ ಆಶಾದಾಯಕ, ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಅದು ಆಕಸ್ಮಿಕವೂ ಆಗಿರಬಹುದು. ಆದ್ದರಿಂದ ಇಲ್ಲಿ ತೆಗೆದುಕೊಂಡ ತೀರ್ಮಾನ, 12 ವಾರಗಳ ಪ್ರಯೋಗಕ್ಕೆ ಮಾತ್ರ ಅನುಮತಿ ಎಂಬುದಾಗಿತ್ತು.

ಆ ಪ್ರಯೋಗವನ್ನು ವೈಫಲ್ಯಗಳನ್ನು ಎಣಿಸಿ ಅಳೆಯಲಾಗದು. 15 ತಿಂಗಳಿಗೆ 11 ಎಂದರೆ 12 ವಾರಗಳಲ್ಲಿ ಸುಮಾರು ಎರಡು ಮಾತ್ರ ನಿರೀಕ್ಷಿಸಬಹುದು. ಬದಲಿಗೆ ಪಟ್ಟಿಯ ಮೂರರ ಜೊತೆ ಉಳಿದ ಹನ್ನೊಂದರಿಂದ ಚೀಟಿ ಎತ್ತಿ ಆರಿಸಿದ ನಾಲ್ಕನೆಯ ಯಂತ್ರವನ್ನೂ ಸೇರಿಸಿ, ಯಾವುದು ಯಾವುದೆಂದು ತಂಡಕ್ಕೆ ತಿಳಿಸದೆ, ನಾಲ್ಕರಲ್ಲೂ ಟೆಸ್ಟ್ ಬಾರ್ ಮತ್ತು ಡಯಲ್ ಗೇಜ್‌ನಿಂದ ಸ್ಪಿಂಡಲ್‌ನ ರನ್‌ಔಟ್, ಅಂದರೆ ತಿರುಗುವಾಗ ಅದು ಎಷ್ಟು ಓಲಾಡುತ್ತದೆ ಎಂಬುದನ್ನು ಅಳೆಸಿದೆವು. ಪಟ್ಟಿಯ ಯಂತ್ರಗಳ ರನ್‌ಔಟ್ ಚೀಟಿಯ ಯಂತ್ರಗಳಿಗಿಂತ ಸ್ಪಷ್ಟವಾಗಿ ಹೆಚ್ಚಿರದಿದ್ದರೆ ಕೆಲಸ ನಿಲ್ಲುತ್ತದೆ ಎಂಬುದು ಆ ಹಂತದ ಕರಾರು.

ನಿಮ್ಮ ಮ್ಯಾನೇಜರ್ ಅವರಿಗೆ ಕೊಡುವ ಹಾಳೆಯಲ್ಲಿ ಮೊದಲ ಐದು ವಾರಗಳಿಗೆ ಮಾತ್ರ ಖಚಿತ ದಿನಾಂಕ ಹಾಗೂ ಖರ್ಚು ಬರೆಯಿರಿ. ಉಳಿದ ಹಂತಗಳ ಎದುರು, ಮೊದಲ ತಪಾಸಣೆ ದಾಟಿದರೆ ಇಷ್ಟರಿಂದ ಇಷ್ಟು ವಾರಗಳು ಎಂದು ಅಂದಾಜು ಹಾಕಿ. ಅವರು ಒಪ್ಪಿದ ದಿನವೇ ರಿಜಿಸ್ಟರ್ ಪುಸ್ತಕಗಳನ್ನು ತರಿಸಿಕೊಂಡು, ಸಮಯದ ಕಾಲಂನಿಂದ ಓದಲು ಆರಂಭಿಸಿ.