ಹೊಸ ಮನೆಯಲ್ಲಿ ಯಾವ ಕೋಣೆ ಮೊದಲು?

ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ, ಗೋಡೆ ಎಲ್ಲಾ ಖಾಲಿ. ಸಾಮಾನು ಮೊದಲು ಯಾವ ಕೋಣೆಗೆ ಹಾಕಬೇಕು?

ಮೊದಲು ಅಡುಗೆಮನೆ, ಆಮೇಲೆ ಒಂದು ಮಲಗುವ ಕೋಣೆ. ಹಾಲ್ ಕೊನೆಗಿರಲಿ, ನೆಂಟರಿಗೆ ಜಮಖಾನೆ ಸಾಕು ಅಲ್ವಾ?

ಮಲಗುವ ಕೋಣೆ ಆರಿಸುವಾಗ ನಮ್ಮ ಬಿಸಿಲು ನೆನಪಿರಲಿ. ಪಶ್ಚಿಮಕ್ಕೆ ಗೋಡೆ, ಮೇಲೆ ಬರೀ ತಾರಸಿ ಇರುವ ಕೋಣೆ ಹಗಲೆಲ್ಲಾ ಕಾದು ರಾತ್ರಿ ಬಿಸಿ ಬಿಡುತ್ತದೆ. ಸಂಜೆ 8ರ ಹೊತ್ತಿಗೆ ಗೋಡೆಗಳನ್ನು ಮುಟ್ಟಿ ನೋಡಿ. ತಣ್ಣಗಿರುವ ಕಡೆ ಮಂಚ ಹಾಕಿ.

ಕಪಾಟಿಗೆ ಮಾತ್ರ ಅವಸರ ಬೇಡ. ಹೊಸ ಗಿಲಾವಿನಲ್ಲಿ ತೇವ ಇರುತ್ತದೆ. ಪ್ಲೈವುಡ್ ಒತ್ತಿ ಕೂರಿಸಿದರೆ ಹಿಂದೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಒಳಗೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ಅಲ್ಲಿಯವರೆಗೆ ಬಟ್ಟೆ ಟ್ರಂಕಿನಲ್ಲೇ ಇರಲಿ.