ಅಜ್ಜಿ ಸಿರಪ್ ಬಾಟಲಿ ತೆಗೆದಾಗ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಚಳ್ಳಕೆರೆ ತಾಲ್ಲೂಕಿನ ಆಶಾ ಕಾರ್ಯಕರ್ತೆ. ಸರೋಜಮ್ಮ ಅನ್ನೋಣ. ಹದಿನಾಲ್ಕು ತಿಂಗಳ ಮಗುವಿಗೆ ಮೂರು ದಿನದಿಂದ ನೆಗಡಿ, ಕೆಮ್ಮು, ಮೈ ಬೆಚ್ಚಗೆ. ಅಜ್ಜಿ ಗೂಡಿನಿಂದ ಅರ್ಧ ಉಳಿದಿದ್ದ ಆಂಟಿಬಯೋಟಿಕ್ ಸಿರಪ್ ತೆಗೆದರಂತೆ. "ದೊಡ್ಡವನಿಗೆ ಇದ್ರಲ್ಲೇ ವಾಸಿ ಆತು. ಸಿಂಬಳ ಹಳದಿ ಆಗೈತೆ, ನೀನ್ಯಾಕೆ ಬ್ಯಾಡ ಅಂತೀಯ?" ಸರೋಜಮ್ಮನಿಗೆ ಉತ್ತರ ಹೊಳೆಯಲಿಲ್ಲ. ಅವರ ಕೈಲಿದ್ದ ಕರಪತ್ರದಲ್ಲಿ ನೆಗಡಿ ವೈರಸ್‌ನಿಂದ ಬರುತ್ತದೆ, ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ ಮಾತ್ರ ಎಂದಿತ್ತು. ಅಜ್ಜಿಗೆ ಅದನ್ನು ತೋರಿಸಿ ಏನು ಹೇಳುವುದು? "ಮಗುವಿಗೆ ಏನಾದ್ರೂ ಆದ್ರೆ ನನ್ನ ಮೇಲೇ ಬರುತ್ತೆ ಮೇಡಂ" ಎಂದು ನನ್ನ ಮುಂದೆ ಅತ್ತರು.

ಆ ಭಯ ನ್ಯಾಯವಾದದ್ದೇ. ಧೈರ್ಯ ಹೇಳಿದರೆ ಅದು ಹೋಗುವುದಿಲ್ಲ, ನೋಡಿ ತೀರ್ಮಾನಿಸುವ ಒಂದು ಗುರುತು ಕೈಯಲ್ಲಿರಬೇಕು. ಹಾಗಾಗಿ ಕರಪತ್ರವನ್ನೇ ಇಬ್ಬರೂ ಕೂತು ಹೊಸದಾಗಿ ಬರೆದೆವು, ಕೆಮ್ಮು ನೆಗಡಿಗೆ ಮಾತ್ರ.

ಸಿಂಬಳದ ಬಣ್ಣ ನೋಡಬೇಡಿ, ಉಸಿರು ಎಣಿಸಿ. ಮಾಮೂಲಿ ನೆಗಡಿಯಲ್ಲೂ ಸಿಂಬಳ ಹಳದಿ ಆಗುತ್ತದೆ. ಮಗು ಅಳುತ್ತಿದ್ದರೆ ಕಾಯಿರಿ, ಅತ್ತಾಗ ಉಸಿರು ಜಾಸ್ತಿ ಆಗುತ್ತದೆ. ತಾಯಿಯ ಮಡಿಲಲ್ಲಿ ಸುಮ್ಮನಾದ ಮೇಲೆ ಅಂಗಿ ಎತ್ತಿ, ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನ್ಯುಮೋನಿಯಾ ಇರಬಹುದು, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಆಂಟಿಬಯೋಟಿಕ್ ಬೇಕೋ, ಇದು ಉಬ್ಬಸವೋ ಎಂದು ವೈದ್ಯರು ಹೇಳುತ್ತಾರೆ. ಉದಾಹರಣೆಗೆ 44 ಬಂದರೆ ಎಂಟು ತಿಂಗಳ ಮಗುವಿಗೆ ಸಹಜ, ಹದಿನಾಲ್ಕು ತಿಂಗಳ ಮಗುವಿಗೆ ಅಪಾಯ. ವಯಸ್ಸು ಕೇಳದೆ ಎಣಿಸಿ ಪ್ರಯೋಜನವಿಲ್ಲ.

ಉಸಿರು ಎಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಹಾಲು ನೀರು ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ಮಂಪರು, ಇವುಗಳಲ್ಲಿ ಯಾವುದಿದ್ದರೂ ಎಣಿಕೆಗೂ ಕಾಯದೆ ಆಸ್ಪತ್ರೆಗೆ ಕಳಿಸಿ. ಎರಡು ತಿಂಗಳೊಳಗಿನ ಕೂಸಿಗೆ ಕೆಮ್ಮೋ ಜ್ವರವೋ ಬಂದರೂ ಆಸ್ಪತ್ರೆಗೇ.

ಆ ಮಗುವಿಗೆ 34 ಬಂತು. ಪಕ್ಕೆ ಗುಳಿ ಬೀಳುತ್ತಿರಲಿಲ್ಲ, ಎದೆಹಾಲು ಕುಡಿಯುತ್ತಿತ್ತು. ಅಂದರೆ ಮನೆ ಆರೈಕೆ ಸಾಕು: ಹಾಲು ಮತ್ತೆ ಮತ್ತೆ ಕೊಡುವುದು, ಬೆಚ್ಚಗಿನ ನೀರು, ಮೆತ್ತನೆಯ ಅನ್ನ, ಮೂಗು ಕಟ್ಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದು.

ಅಜ್ಜಿಗೆ ಹೇಳಲು ಕೊಟ್ಟ ಮಾತು ಇದು: "ಅಮ್ಮಾ, ಔಷಧಿ ಬ್ಯಾಡ ಅಂತಿಲ್ಲ. ಯಾವಾಗ ಬೇಕು ಅಂತ ನೀವೇ ಕಂಡುಹಿಡೀರಿ." ಪಕ್ಕೆ ಎಲ್ಲಿ ನೋಡಬೇಕೆಂದು ಅವರ ಕೈಯನ್ನೇ ಅಲ್ಲಿಟ್ಟು ತೋರಿಸಿ ಎಂದೆ. ಕಾವಲು ಅವರದೇ ಆದರೆ ಸುಮ್ನೆ ಕೂತಿದ್ದೇವೆ ಅನ್ನೋ ಸಂಕಟ ಇರಲ್ಲ. ಬಾಟಲಿ ಬಗ್ಗೆಯೂ ಹೇಳಿಸಿದೆ: ಪುಡಿಗೆ ನೀರು ಬೆರೆಸಿದ ಸಿರಪ್ ಒಂದೆರಡು ವಾರದಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಅಣ್ಣನ ಡೋಸು ತಮ್ಮನ ತೂಕಕ್ಕೆ ಹೊಂದಲ್ಲ.

ಎರಡು ದಿನ ಬಿಟ್ಟು ಮತ್ತೆ ಎಣಿಸಿ ಎಂದಿದ್ದೆ. 36 ಇತ್ತಂತೆ. ಪಕ್ಕದ ಬೀದಿಯ ಎಂಟು ತಿಂಗಳ ಕೂಸಿಗೆ 56 ಬಂತು. ಸರೋಜಮ್ಮ ಅದನ್ನು ಅವತ್ತೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ವೈದ್ಯರು ಐದು ದಿನದ ಅಮಾಕ್ಸಿಸಿಲಿನ್ ಬರೆದರು. ಮೂರನೇ ದಿನಕ್ಕೆ ಕೂಸು ನಗುತ್ತಿದೆ ಎಂದು ತಾಯಿ ಔಷಧಿ ನಿಲ್ಲಿಸದಂತೆ ನೋಡಿಕೊಳ್ಳಲು ಸರೋಜಮ್ಮ ಈಗ ದಿನಾ ಆ ಮನೆಗೆ ಹೋಗುತ್ತಿದ್ದಾರೆ.