‘ಅದು ಗುಟ್ಟು’ ಎಂಬ ಉತ್ತರ

ದಾವಣಗೆರೆಯಲ್ಲಿ ನನ್ನ ಬಳಿ ಆಪ್ತಸಲಹೆಗೆ ಬರುವ ಮೂವತ್ತರ ಆಸುಪಾಸಿನ ಅವಿವಾಹಿತರಲ್ಲಿ ಒಂದು ತೊಡಕು ಮತ್ತೆ ಮತ್ತೆ ಎದುರಾಗುತ್ತಿದೆ. ಹೊಸಬರೊಬ್ಬರೊಡನೆ ವಾಟ್ಸ್‌ಆಪ್‌ನಲ್ಲಿ ಸಲಿಗೆಯ ಮಾತು ಆರಂಭವಾದ ಮೊದಲ ವಾರಗಳಲ್ಲಿ ತಮ್ಮ ಬಗ್ಗೆ ಎಷ್ಟು ಹೇಳಿಕೊಳ್ಳಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು ಎಂಬುದು ಅವರಿಗೆ ತಿಳಿಯುವುದಿಲ್ಲ. ಆದರೆ ಈ ಪ್ರಕರಣವನ್ನು ಬರೆಯುತ್ತಿರುವುದಕ್ಕೆ ಅದಷ್ಟೇ ಕಾರಣವಲ್ಲ. ಇದರಲ್ಲಿ ಎಡವಿದವರಲ್ಲಿ ನಾನೂ ಒಬ್ಬಳು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆತ ಮೂವತ್ತೊಂದು ವರ್ಷದ ಉಪನ್ಯಾಸಕ. ಎರಡು ವರ್ಷದ ಹಿಂದೆ ನಿಶ್ಚಿತಾರ್ಥ ಮುರಿದಿತ್ತು. ಆ ಬಳಿಕ ಇಬ್ಬರೊಡನೆ ಆರಂಭವಾದ ಮಾತುಕತೆ ವಾರ ತುಂಬುವ ಮೊದಲೇ ನಿಂತುಹೋಗಿತ್ತು. ಏಕೆಂದು ತಿಳಿಯಲು ಹಳೆಯ ಸಂದೇಶಗಳನ್ನು ತೋರಿಸುವಂತೆ ಕೇಳಿದೆ. ನಾಲ್ಕನೆಯ ರಾತ್ರಿ ಹುಡುಗಿ ‘ಊಟ ಆಯ್ತಾ?’ ಎಂದು ಕೇಳಿದ್ದಕ್ಕೆ ಈತ ಬರೆದ ಉತ್ತರವನ್ನು ಓದಿ ಮುಗಿಸಲು ನಾನು ಪರದೆಯನ್ನು ನಾಲ್ಕು ಬಾರಿ ಮೇಲೆ ಸರಿಸಬೇಕಾಯಿತು. ಅಪ್ಪನ ಬೋರ್‌ವೆಲ್ ಸಾಲ, ಅಮ್ಮನ ಸಕ್ಕರೆ ಕಾಯಿಲೆ, ನಿಶ್ಚಿತಾರ್ಥ ಮುರಿದ ಮೇಲಿನ ನಿದ್ದೆಯಿಲ್ಲದ ರಾತ್ರಿಗಳು, ಎಲ್ಲವೂ ಅದರಲ್ಲಿದ್ದವು. ‘ಅಯ್ಯೋ, ಪಾಪ. ಟೇಕ್ ಕೇರ್’ ಎಂಬ ಮರುತ್ತರ ಬಂದಿತ್ತು, ಅಲ್ಲಿಗೆ ಮುಗಿದಿತ್ತು.

ಇಬ್ಬರ ನಡುವಿನ ಸಲಿಗೆ ಹೇಗೆ ಬೆಳೆಯುತ್ತದೆ ಎಂಬುದನ್ನು 1973ರಲ್ಲಿ ಆಲ್ಟ್‌ಮನ್ ಮತ್ತು ಟೇಲರ್ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿದರು. ಅವರ ಸಿದ್ಧಾಂತವನ್ನು ಈರುಳ್ಳಿಯ ಹೋಲಿಕೆಯಿಂದ ಹೇಳುವುದು ವಾಡಿಕೆ. ಈರುಳ್ಳಿ ಬೆಳೆಯುವ ಚಿತ್ರದುರ್ಗದ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳುವ ಶ್ರಮವೇ ಇಲ್ಲ. ಹೊರಗಿನ ಪದರಗಳು, ಅಂದರೆ ಊಟ, ಊರು, ಕೆಲಸ, ಇಷ್ಟಾನಿಷ್ಟಗಳು, ಬೇಗ ಬಿಚ್ಚಿಕೊಳ್ಳುತ್ತವೆ. ಭಯ, ಅವಮಾನ, ಮನೆಯ ಸಂಕಟಗಳು ತಡವಾಗಿ, ಅದೂ ಎರಡೂ ಕಡೆಯಿಂದ ಸರಿಸುಮಾರು ಒಂದೇ ವೇಗದಲ್ಲಿ ಬಿಚ್ಚಿಕೊಳ್ಳಬೇಕು. ಒಬ್ಬರು ಒಮ್ಮೆಲೇ ಒಳಗಿನ ತಿರುಳನ್ನು ಎದುರಿಗಿಟ್ಟಾಗ ಇನ್ನೊಬ್ಬರು ಅಷ್ಟೇ ತೂಕದ್ದನ್ನು ಹೇಳಬೇಕಾಗುತ್ತದೆ, ಇಲ್ಲವೇ ಸಮಾಧಾನ ಹೇಳುವ ಪಾತ್ರಕ್ಕೆ ಸರಿಯಬೇಕಾಗುತ್ತದೆ. ನಾಲ್ಕು ದಿನದ ಪರಿಚಯದಲ್ಲಿ ಎರಡೂ ಭಾರವೇ. ಇಷ್ಟನ್ನು ವಿವರಿಸಿ, ‘ಸ್ವಲ್ಪ ಉಳಿಸಿಕೊಳ್ಳಿ, ಎದುರಿಗಿರುವವರಿಗೂ ಕುತೂಹಲ ಇರಲಿ’ ಎಂದು ಹೇಳಿ ಕಳುಹಿಸಿದೆ. ಏನನ್ನು ಉಳಿಸಿಕೊಳ್ಳಬೇಕೆಂದು ಹೇಳಲಿಲ್ಲ.

ಆರು ವಾರಗಳ ನಂತರ ಆತ ಮತ್ತೆ ಬಂದು, ಮಾತಿಲ್ಲದೆ ಫೋನನ್ನು ಮೇಜಿನ ಮೇಲಿಟ್ಟರು. ಈ ಬಾರಿ ಚಿತ್ರದುರ್ಗದ ಹುಡುಗಿ. ಸ್ನೇಹಿತನ ಮನೆಯವರ ಮೂಲಕ ಪರಿಚಯ. ಮೊದಲ ಪುಟಗಳನ್ನು ಓದಿದಾಗ ನನಗೆ ಖುಷಿಯೇ ಆಯಿತು. ‘ಭಾನುವಾರ ಬೆಳಿಗ್ಗೆ ಆರಕ್ಕೆ ಕುಂದವಾಡ ಕೆರೆ ಹತ್ರ ಹೋಗ್ತೀನಿ. ಯಾಕೆ ಅಂತ ಮನೇಲೂ ಗೊತ್ತಿಲ್ಲ’ ಎಂದು ಈತ ಬರೆದಿದ್ದರು.

‘ವಾಕಿಂಗಾ?’

‘ಅಲ್ಲ.’

‘ಹಕ್ಕಿ ಫೋಟೋ ತೆಗೆಯೋಕಾ?’

‘ಅಲ್ಲ. ಆದ್ರೆ ಬೀಳೋದಂತೂ ಗ್ಯಾರಂಟಿ.’

ಎರಡು ದಿನ ಆಕೆ ಊಹಿಸಿದ್ದಾರೆ. ಮೂರನೆಯ ದಿನ, ಈ ವಯಸ್ಸಿನಲ್ಲಿ ತಾನು ಸೈಕಲ್ ಕಲಿಯುತ್ತಿರುವುದಾಗಿ ಈತ ಒಪ್ಪಿಕೊಂಡಿದ್ದಾರೆ. ಅದಕ್ಕೆ ಆಕೆ, ತಾನು ಈಗಲೂ ಕೋಳಿ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವುದಾಗಿ ಬರೆದಿದ್ದಾರೆ. ಈತ ಕೊಟ್ಟಷ್ಟೇ ತೂಕದ್ದನ್ನು ಆಕೆಯೂ ಕೊಟ್ಟಿದ್ದಾರೆ. ಮೊದಲ ದಿನಗಳ ಮಾತು ಸರಿಯಾಗಿ ಸಾಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ.

ಹದಿನೆಂಟನೆಯ ದಿನ ಆಕೆ ಕೇಳಿದ್ದಾರೆ: ‘ಮೊದಲು ಮದುವೆ ಮಾತು ಏನಾದ್ರೂ ನಡೆದಿತ್ತಾ?’ ಈತನ ಉತ್ತರ: ‘ಅದು ಗುಟ್ಟು. ಊಹಿಸಿ ನೋಡೋಣ,’ ಜೊತೆಗೆ ಕಣ್ಣು ಹೊಡೆಯುವ ಒಂದು ಚಿತ್ರ. ಮುಂದಿನ ವಾರ ಆಕೆಯ ಚಿಕ್ಕಮ್ಮ ದಾವಣಗೆರೆಯ ಒಂದು ಮದುವೆಗೆ ಬಂದವರು ಊಟದ ಪಂಕ್ತಿಯಲ್ಲೇ ನಿಶ್ಚಿತಾರ್ಥದ ಕಥೆಯನ್ನು ಪೂರ್ತಿ ಕೇಳಿಕೊಂಡು ಹೋದರು. ಆ ರಾತ್ರಿ ಆಕೆ ಬರೆದದ್ದು ಎರಡೇ ಪದ: ‘ನಾನು ಕೇಳಿದ್ದೆ.’

‘ನೀವೇ ಹೇಳಿದ್ರಲ್ಲ್ರಿ ಮೇಡಂ, ಸ್ವಲ್ಪ ಉಳಿಸ್ಕೊಳ್ಳಿ ಅಂತ,’ ಎಂದರು ಆತ. ಕೋಪದಿಂದಲ್ಲ, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಕೇಳುವ ವಿದ್ಯಾರ್ಥಿಯ ಧ್ವನಿಯಲ್ಲಿ.

ನಾನು ಸಮಜಾಯಿಷಿ ಹೇಳಲಿಲ್ಲ. ಸೈಕಲ್ಲಿನ ಸಂದೇಶವನ್ನೂ ಈ ಸಂದೇಶವನ್ನೂ ಒಂದರ ಹಿಂದೆ ಒಂದರಂತೆ ಗಟ್ಟಿಯಾಗಿ ಓದುವಂತೆ ಕೇಳಿಕೊಂಡೆ. ಎರಡರಲ್ಲೂ ಇರುವುದು ‘ಊಹಿಸಿ’ ಎಂಬ ಆಟವೇ. ಆದರೆ ಮೊದಲನೆಯದರಲ್ಲಿ ಗುಟ್ಟನ್ನು ತಾವಾಗಿಯೇ ಮುಂದಿಟ್ಟು ಆಕೆಯನ್ನು ಆಟಕ್ಕೆ ಕರೆದವರು ಈತ; ಎರಡನೆಯದರಲ್ಲಿ ಆಕೆ ಆಟವಾಡುತ್ತಿರಲಿಲ್ಲ, ತನ್ನ ನಿರ್ಧಾರಕ್ಕೆ ಬೇಕಾದ ಸಂಗತಿಯನ್ನು ನೇರವಾಗಿ ಕೇಳುತ್ತಿದ್ದರು. ಹಾಗಾಗಿ ಆತನಿಗೆ ಒಂದು ಪರೀಕ್ಷೆ ಹೇಳಿದೆ: ಈ ಸಂಗತಿ ನಾಳೆ ಬೇರೆಯವರ ಬಾಯಿಂದ ತಿಳಿದರೆ ಆಕೆ ನಗುತ್ತಾರೆಯೇ, ‘ನನಗೇಕೆ ಹೇಳಲಿಲ್ಲ’ ಎನ್ನುತ್ತಾರೆಯೇ? ನಗುವಂಥದ್ದಾದರೆ ಎಷ್ಟು ದಿನ ಬೇಕಾದರೂ ಉಳಿಸಿಕೊಳ್ಳಬಹುದು.

ಆತ ಇನ್ನೊಂದು ಆಧಾರವನ್ನೂ ಮುಂದಿಟ್ಟರು. ಅನಿಶ್ಚಿತತೆ ಆಕರ್ಷಣೆಯನ್ನು ಹೆಚ್ಚಿಸುತ್ತದೆ ಎಂದು ಎಲ್ಲೋ ಓದಿದ್ದರಂತೆ. ಅಂಥ ಅಧ್ಯಯನ ಇರುವುದು ನಿಜ. 2011ರಲ್ಲಿ ಪ್ರಕಟವಾದ ಅದರಲ್ಲಿ, ಯುವಕರು ತಮ್ಮನ್ನು ತುಂಬ ಮೆಚ್ಚಿದ್ದಾರೆಂದು ತಿಳಿದಿದ್ದ ವಿದ್ಯಾರ್ಥಿನಿಯರಿಗಿಂತ, ಮೆಚ್ಚಿದ್ದಾರೋ ಇಲ್ಲವೋ ಎಂಬುದೇ ತಿಳಿಯದಿದ್ದವರು ಆ ಯುವಕರತ್ತ ಹೆಚ್ಚು ಆಕರ್ಷಿತರಾದರು. ಆದರೆ ಅವರಿಗಿದ್ದ ಅನುಮಾನ ‘ಆತನಿಗೆ ನಾನು ಇಷ್ಟವೇ’ ಎಂಬುದು ಮಾತ್ರ. ‘ಆತ ಎಂಥವನು, ಏನನ್ನು ಮುಚ್ಚಿಡುತ್ತಿದ್ದಾನೆ’ ಎಂಬುದಲ್ಲ. ಅವರು ನೋಡಿದ್ದು ಅಪರಿಚಿತರ ಫೇಸ್‌ಬುಕ್ ಪುಟಗಳನ್ನು, ತಿಂಗಳುಗಟ್ಟಲೆ ನಡೆದ ಸಂಬಂಧವನ್ನಲ್ಲ.

ಬಳಿಕ ಇಬ್ಬರೂ ಕುಳಿತು ಕಾಗದದ ಮೇಲೆ ಒಂದು ಉತ್ತರ ಬರೆದೆವು. ಆತನ ಮೊದಲ ಕರಡು ಮತ್ತೆ ಒಂದು ಪುಟವಾಯಿತು. ಮುರಿದ ಸಂಬಂಧದ ಹುಡುಗಿಯ ಮನೆಯ ವಿಚಾರವೂ ಅದರೊಳಗೆ ಬಂದಿತ್ತು. ಅದನ್ನು ಹೊಡೆದುಹಾಕಿಸಿದೆ. ಅದು ಆ ಹುಡುಗಿಯ ಬದುಕು, ಈತ ಹಂಚಿಕೊಳ್ಳುವ ಸ್ವತ್ತಲ್ಲ. ಮೇಲಾಗಿ ಬರೆದ ಮಾತಿನ ಸ್ಕ್ರೀನ್‌ಶಾಟ್ ಯಾರ ಕೈ ಸೇರುತ್ತದೆಂದು ಹೇಳಲಾಗದು. ಕೊನೆಗೆ ಉಳಿದದ್ದು ಇಷ್ಟು: ‘ನೀವು ಕೇಳಿದಾಗಲೇ ನೇರವಾಗಿ ಹೇಳಬೇಕಿತ್ತು, ತಪ್ಪಾಯ್ತು. ಎರಡು ವರ್ಷದ ಹಿಂದೆ ನಿಶ್ಚಿತಾರ್ಥ ಆಗಿ ಮುರಿದುಬಿತ್ತು. ಯಾಕೆ ಅನ್ನೋದನ್ನ, ನಿಮಗೆ ಕೇಳೋ ಮನಸ್ಸಿದ್ರೆ, ಎದುರಿಗೆ ಹೇಳ್ತೀನಿ.’ ಆದದ್ದನ್ನು ಈಗಲೇ ಹೇಳಬೇಕು, ಅದರ ಕಥೆಯನ್ನು ಮುಖಾಮುಖಿ ಭೇಟಿಗೆ ಉಳಿಸಿಕೊಳ್ಳಬಹುದು ಎಂಬುದೇ ನಾನು ಮೊದಲ ದಿನ ಹೇಳಬೇಕಿದ್ದ ಮಾತು.

ಪ್ರೀತಿಯ ಮಾತಿಗೂ ಅಳತೆಗೋಲು ಹಿಡಿದು ಕೃತಕತೆ ಕಲಿಸುತ್ತೀರೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದುಂಟು. ಉತ್ತರಿಸಲು ಬೇಕೆಂದೇ ಮೂರು ಗಂಟೆ ಕಾಯುವುದನ್ನು ನಾನು ಯಾರಿಗೂ ಕಲಿಸುವುದಿಲ್ಲ, ಅದು ಕೃತಕವೇ. ಆದರೆ ನಾಲ್ಕನೆಯ ರಾತ್ರಿ ಅಪ್ಪನ ಸಾಲವನ್ನು ಬರೆದು ಕಳುಹಿಸುವುದನ್ನು ಪ್ರಾಮಾಣಿಕತೆ ಎಂದೂ ನಾನು ಒಪ್ಪುವುದಿಲ್ಲ. ಅಲ್ಲಿ ಬಹಳ ಸಲ ಇರುವುದು ಆತಂಕ: ತಿರಸ್ಕರಿಸುವುದಾದರೆ ಈಗಲೇ ತಿರಸ್ಕರಿಸಲಿ ಎಂಬ ಆತುರ. ಈ ಮಾತನ್ನು ಉಪನ್ಯಾಸಕರಿಗೆ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, ‘ಹೌದ್ರಿ’ ಎಂದರು.

ಉತ್ತರಕ್ಕೆ ಮೂರು ದಿನ ಹಿಡಿಯಿತು. ‘ಯಾವ ತಿಂಗಳು?’ ಎಂದಷ್ಟೇ ಆಕೆ ಕೇಳಿದ್ದರು. ಚಿಕ್ಕಮ್ಮ ಹೇಳಿದ್ದಕ್ಕೆ ತಾಳೆ ನೋಡುತ್ತಿದ್ದರೆಂದು ಕಾಣುತ್ತದೆ. ಇನ್ನಷ್ಟು ವಿವರಿಸಲೇ ಎಂದು ಆತ ನನಗೆ ಫೋನ್ ಮಾಡಿದರು. ತಿಂಗಳು ಕೇಳಿದ್ದಾರೆ, ತಿಂಗಳನ್ನು ಹೇಳಿ ಎಂದೆ.